ಕನಾರ್ಟಕ ಎಲ್ಲಿಂದ ಬಂತು?

ಇಪ್ಪತ್ತು ವರ್ಷ ಹಳೆಯ ವರ್ಡ್ ಫೈಲೊಂದನ್ನು ಹೊಸ ಲ್ಯಾಪ್‌ಟಾಪಿನಲ್ಲಿ ತೆರೆದರೆ ಮೊದಲ ಸಾಲು ಬಹುತೇಕ ಹೀಗೆ ಕಾಣುತ್ತದೆ:

```
PÀ£ÁðlPÀ ¸ÀPÁðgÀ
```

ಫೈಲ್ ಕೆಟ್ಟಿದೆ, ವೈರಸ್ ಹೊಕ್ಕಿದೆ ಎಂದುಕೊಂಡು ಎಷ್ಟೋ ಜನ ಅದನ್ನು ಅಲ್ಲಿಗೇ ಕೈಬಿಡುತ್ತಾರೆ. ಫೈಲ್ ಕೆಟ್ಟಿಲ್ಲ. ಈ ಸಾಲಿನಲ್ಲಿ ‘ಕರ್ನಾಟಕ ಸರ್ಕಾರ’ ಎಂದಿದೆ, ಒಂದು ಕೊಂಬೂ ಒಂದು ಇಳಿಯೂ ಕಳೆದುಹೋಗಿಲ್ಲ. ಇದನ್ನೇ ಯಾವುದೋ ಪರಿವರ್ತಕಕ್ಕೆ ಕೊಟ್ಟು ಯೂನಿಕೋಡಿಗೆ ತಂದವರಿಗೆ ಕೆಲವೊಮ್ಮೆ ಇನ್ನೊಂದು ವಿಚಿತ್ರ ಕಾಣುತ್ತದೆ. ‘ಕನಾರ್ಟಕ ಸಕಾರ್ರ’ ಎಂಬ ಸಾಲು ಎದುರಿಗೆ ಬಂದು ನಿಲ್ಲುತ್ತದೆ. ಅಂತರ್ಜಾಲದಲ್ಲಿ ಕನ್ನಡ ಓದುವವರೆಲ್ಲ ಈ ‘ಕನಾರ್ಟಕ’ವನ್ನು ಎಲ್ಲಾದರೂ ಕಂಡೇ ಇರುತ್ತಾರೆ. ಅದನ್ನು ಬೆರಳಚ್ಚಿನ ತಪ್ಪು ಎಂದುಕೊಂಡಿದ್ದರೆ ಅದು ಸರಿಯಲ್ಲ. ಯಂತ್ರ ಒಂದು ಹೆಜ್ಜೆ ಬಿಟ್ಟಿದ್ದರಿಂದ ಆದ ತಪ್ಪು ಅದು, ಆ ಹೆಜ್ಜೆ ಯಾವುದೆಂದು ತೋರಿಸಬಹುದು.

ಹಳೆಯ ಫಾಂಟುಗಳು ಹೇಗೆ ಕೆಲಸ ಮಾಡುತ್ತಿದ್ದವು ಎಂಬಲ್ಲಿಂದ ಶುರುಮಾಡಬೇಕು. 1990ರ ದಶಕದ ಕಂಪ್ಯೂಟರುಗಳಲ್ಲಿ ಒಂದು ಫಾಂಟಿಗೆ ಸಿಗುತ್ತಿದ್ದದ್ದು 256 ಮನೆಗಳು. ಅದರಲ್ಲೂ ಮೊದಲ 32 ಯಂತ್ರದ ಸ್ವಂತ ಬಳಕೆಗೆ ಮೀಸಲು. ಇಂಗ್ಲಿಷಿಗೆ ಇದು ಧಾರಾಳವಾಯಿತು. ಕನ್ನಡದ ಗುಣಿತಾಕ್ಷರ, ಒತ್ತಕ್ಷರಗಳನ್ನೆಲ್ಲ ಒಂದೊಂದು ಮನೆಯಲ್ಲಿ ಕೂರಿಸಲು ಹೊರಟರೆ ಸಾವಿರಾರು ಮನೆ ಬೇಕು. ಹಾಗಾಗಿ ಫಾಂಟ್ ಮಾಡಿದವರು ಅಕ್ಷರಗಳನ್ನು ತುಂಡು ಮಾಡಿದರು. ತಲೆಕಟ್ಟು ಬೇರೆ, ಇಳಿ ಬೇರೆ, ಕೊಂಬು ಬೇರೆ, ಪ್ರತಿ ಒತ್ತಕ್ಷರವೂ ಬೇರೆ. ಅಚ್ಚುಕೂಟದ ಮೊಳೆಗಳನ್ನು ಜೋಡಿಸಿದಂತೆ ಈ ತುಂಡುಗಳನ್ನು ಒಂದರ ಪಕ್ಕ ಒಂದು ಇಟ್ಟರೆ ಪರದೆಯ ಮೇಲೆ ಅಕ್ಷರ ಮೂಡುತ್ತಿತ್ತು.

ಆ ಮನೆಗಳ ನಿಜವಾದ ಒಡೆಯರು ಇಂಗ್ಲಿಷ್ ಮತ್ತು ಐರೋಪ್ಯ ಭಾಷೆಗಳ ಅಕ್ಷರಗಳು. 80ನೇ ಮನೆಯಲ್ಲಿ P ಇರಬೇಕು, 192ರಲ್ಲಿ À ಇರಬೇಕು. ಕನ್ನಡ ಫಾಂಟು 80ರಲ್ಲಿ P ಚಿತ್ರದ ಬದಲು ತಲೆಕಟ್ಟಿಲ್ಲದ ‘ಕ’ದ ಮೈಯನ್ನೂ 192ರಲ್ಲಿ ತಲೆಕಟ್ಟನ್ನೂ ಇಟ್ಟಿತು. ಫೈಲಿನಲ್ಲಿ ಉಳಿಯುವುದು ಸಂಖ್ಯೆಗಳು ಮಾತ್ರ. ‘ಕನ್ನಡ’ ಎಂಬ ಪದ ಹೀಗೆ ಉಳಿಯುತ್ತದೆ:

```
P   À    £    À    ß    q    À
80  192  163  192  223  113  192
```

ಕ, ತಲೆಕಟ್ಟು, ನ, ತಲೆಕಟ್ಟು, ನ ಒತ್ತು, ಡ, ತಲೆಕಟ್ಟು: ಒಟ್ಟು ಏಳು ತುಂಡು. ಆ ಫಾಂಟು ಇರುವ ಕಂಪ್ಯೂಟರಿನಲ್ಲಿ ಇದು ಕನ್ನಡ, ಇಲ್ಲದ ಕಡೆ P, À, £. ಅಂದರೆ ಕನ್ನಡ ಇದ್ದದ್ದು ಫಾಂಟಿನ ಚಿತ್ರದಲ್ಲಿ, ಫೈಲಿನಲ್ಲಿ ಅಲ್ಲ. ಇಂಥ ಪಠ್ಯವನ್ನು ನಮ್ಮಲ್ಲಿ ‘ಆಸ್ಕಿ ಕನ್ನಡ’ ಎಂದು ಕರೆಯುವುದು ರೂಢಿ.

ಮೇಲೆ ಕೊಟ್ಟಿರುವುದು ನುಡಿಯ ಜೋಡಣೆ. ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ಸರ್ಕಾರಿ ಕಚೇರಿಗಳನ್ನೂ ಡಿಟಿಪಿ ಅಂಗಡಿಗಳನ್ನೂ ತುಂಬಿಕೊಂಡಿತು. ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ‘ಬರಹ’ ಮನೆಮನೆಗೆ ಹೋಯಿತು. ಇವೆರಡರ ಹಳೆಯ ಫಾಂಟುಗಳು ಹೆಚ್ಚುಕಡಿಮೆ ಒಂದೇ ಜೋಡಣೆಯವು, ಹಾಗಾಗಿ ಒಂದರ ಪಠ್ಯ ಇನ್ನೊಂದರಲ್ಲಿ ಓದಲು ಬರುತ್ತದೆ. ಶ್ರೀಲಿಪಿ, ಆಕೃತಿ, ಪ್ರಕಾಶಕ್‌ಗಳ ಜೋಡಣೆ ಬೇರೆ ಬೇರೆ. ಅಲ್ಲಿ 80ನೇ ಮನೆಯಲ್ಲಿ ‘ಕ’ ಇರಬೇಕೆಂದಿಲ್ಲ. ಆದ್ದರಿಂದ ಪರಿವರ್ತನೆಗೆ ಕೈಹಾಕುವ ಮೊದಲು ತಿಳಿಯಬೇಕಾದದ್ದು ಫಾಂಟಿನ ಹೆಸರು. ವರ್ಡ್‌ನಲ್ಲಿ ಆ ಸಾಲಿನ ಮೇಲೆ ಕರ್ಸರ್ ಇಟ್ಟರೆ ಫಾಂಟಿನ ಚೌಕದಲ್ಲಿ Nudi 01 e ಎಂದೋ BRH Kannada ಎಂದೋ ಹೆಸರು ಕಾಣುತ್ತದೆ. ಫಾಂಟ್ ಕಂಪ್ಯೂಟರಿನಲ್ಲಿ ಇಲ್ಲದಿದ್ದರೂ ಹೆಸರು ಫೈಲಿನಲ್ಲಿ ಉಳಿದಿರುತ್ತದೆ. ಪಿಡಿಎಫ್ ಆದರೆ ಅದರ ಪ್ರಾಪರ್ಟೀಸ್‌ನಲ್ಲಿ ಫಾಂಟುಗಳ ಪಟ್ಟಿ ಇರುತ್ತದೆ. ಹೆಸರು ನೋಡದೆ ಶ್ರೀಲಿಪಿಯ ಪಠ್ಯವನ್ನು ನುಡಿಯ ಪರಿವರ್ತಕಕ್ಕೆ ಹಾಕಿದರೆ ಚಿಹ್ನೆಗಳ ಗೋಜಲು ಹೋಗಿ ಕನ್ನಡ ಅಕ್ಷರಗಳ ಗೋಜಲು ಬರುತ್ತದೆ, ಅಷ್ಟೇ.

ಓದುವುದಷ್ಟೇ ಬೇಕಿದ್ದರೆ ಆ ಫಾಂಟನ್ನು ಹಾಕಿಕೊಂಡರೆ ಸಾಕು, ಸಾಲುಗಳು ಕನ್ನಡವಾಗಿ ಕಾಣುತ್ತವೆ. ಪಠ್ಯವನ್ನು ಆಯ್ದು ತುಂಗಾದಂಥ ಯೂನಿಕೋಡ್ ಫಾಂಟ್ ಹಚ್ಚಿದರೆ ಸರಿಹೋದೀತು ಎಂದು ನಂಬಿದವರೂ ಇದ್ದಾರೆ. ಅದರಿಂದ ಏನೂ ಆಗುವುದಿಲ್ಲ. ತುಂಗಾದಲ್ಲಿ 80ನೇ ಮನೆಯಲ್ಲಿ P ಇದೆ, ಅದು P ಯನ್ನೇ ತೋರಿಸುತ್ತದೆ. ಫಾಂಟ್ ಹಾಕಿಕೊಂಡು ಓದುವುದರ ಮಿತಿ ಕೂಡ ಬೇಗ ತಿಳಿಯುತ್ತದೆ. ಅಂಥ ಫೈಲಿನಲ್ಲಿ ‘ಕನ್ನಡ’ ಎಂದು ಯೂನಿಕೋಡಿನಲ್ಲಿ ಟೈಪಿಸಿ ಹುಡುಕಿದರೆ ಒಂದೂ ಸಿಗುವುದಿಲ್ಲ. PÀ£ÀßqÀ ಎಂದು ಹುಡುಕಿದರೆ ಸಿಗುತ್ತದೆ! (ಹಳೆಯ ಪಿಡಿಎಫ್‌ಗಳಲ್ಲಿ ತುರ್ತಿಗೆ ಈ ಉಪಾಯ ನಿಜಕ್ಕೂ ಕೆಲಸಕ್ಕೆ ಬರುತ್ತದೆ.) ಹೆಸರುಗಳ ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸಲು ಹೊರಟರೆ ಯಶೋದಾ ಅನಂತನಿಗಿಂತ ಮೊದಲು ಬಂದು ಕೂರುತ್ತಾಳೆ. ನುಡಿಯಲ್ಲಿ ‘ಯ’ ಶುರುವಾಗುವುದು A ಯಿಂದ, ‘ಅ’ ಇರುವುದು C ಯಲ್ಲಿ. ಯಂತ್ರ ತನಗೆ ಕಾಣುವ ಇಂಗ್ಲಿಷ್ ಕ್ರಮದಲ್ಲೇ ಜೋಡಿಸುತ್ತದೆ.

ಯೂನಿಕೋಡ್ ತುಂಡುಗಳನ್ನು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ, ಕಾಗುಣಿತವನ್ನು ಇಟ್ಟುಕೊಳ್ಳುತ್ತದೆ. ಕನ್ನಡಕ್ಕೆ ಅದರಲ್ಲಿ ಮೀಸಲಾದ ಸ್ಥಾನ U+0C80 ಯಿಂದ U+0CFF ವರೆಗೆ. ‘ಕನ್ನಡ’ ಅಲ್ಲಿ ಐದು ಸಂಕೇತ: ಕ, ನ, ವಿರಾಮ ಚಿಹ್ನೆ, ನ, ಡ. ತಲೆಕಟ್ಟಿಗೆ ಅಲ್ಲಿ ಜಾಗವೇ ಇಲ್ಲ. ಎರಡನೇ ‘ನ’ ಒತ್ತಾಗಿ ಕೆಳಗೆ ಕೂರಬೇಕು ಎಂಬುದನ್ನು ತೆರೆಯ ಮೇಲೆ ಮೂಡಿಸುವ ಹೊತ್ತಿಗೆ ಫಾಂಟು ನೋಡಿಕೊಳ್ಳುತ್ತದೆ. ಹಳೆಯ ಫೈಲಿನಲ್ಲಿರುವುದು ಕೈಬರಹದ ಕ್ರಮ, ಅಂದರೆ ಯಾವ ಗೆರೆ ಯಾವುದರ ಪಕ್ಕ ಎಂಬುದು. ಯೂನಿಕೋಡಿನಲ್ಲಿರುವುದು ಉಚ್ಚಾರದ ಕ್ರಮ. ಪರಿವರ್ತಕದ ಕಷ್ಟವೆಲ್ಲ ಈ ಎರಡು ಕ್ರಮಗಳ ನಡುವೆ ಇದೆ.

‘ಮುಖ್ಯಮಂತ್ರಿ’ ಎಂಬ ಪದವನ್ನು ತೆಗೆದುಕೊಳ್ಳೋಣ. ಸರ್ಕಾರಿ ಫೈಲುಗಳಲ್ಲಿ ಸಾಮಾನ್ಯವಾಗಿ ಸಿಗುವ ಈ ಒಂದು ಪದದಲ್ಲಿ ಪರಿವರ್ತಕ ಎಡವಬಹುದಾದ ಜಾಗಗಳು ಹಲವು. ನುಡಿಯಲ್ಲಿ ಅದು ಹೀಗಿದೆ:

```
ªÀÄÄRåªÀÄAwæ
```

ಮೊದಲ ಎರಡು ತುಂಡು ª ಮತ್ತು À. ಇವೆರಡು ಸೇರಿದರೆ ‘ವ’. ಮೂರನೆಯದು Ä, ಅದು ಕೊಂಬು. ಹಾಗಾದರೆ ಮೂರೂ ಸೇರಿ ‘ವು’ ಆಗಬೇಕಲ್ಲ? ಆಗುವುದಿಲ್ಲ, ‘ಮ’ ಆಗುತ್ತದೆ. ಕನ್ನಡದ ‘ಮ’ವನ್ನು ಕೈಯಲ್ಲಿ ಬರೆದು ನೋಡಿ, ‘ವ’ದ ಬಲಕ್ಕೆ ಕೊಂಬಿನಂಥ ಬಾಲ. ಮನೆ ಉಳಿಸಲು ಫಾಂಟ್ ಮಾಡಿದವರು ‘ಮ’ಕ್ಕೆ ಬೇರೆ ಮನೆ ಕೊಡದೆ ‘ವ’ಕ್ಕೇ ಕೊಂಬು ಸೇರಿಸಿದರು. ನಿಜವಾದ ‘ವು’ ಬೇಕಾದ ಕಡೆ Å ಎಂಬ ಇನ್ನೊಂದು ಕೊಂಬನ್ನು ಇಟ್ಟರು. ಆದ್ದರಿಂದ ಪರಿವರ್ತಕ ಒಂದೊಂದೇ ತುಂಡನ್ನು ಬದಲಾಯಿಸುತ್ತ ಹೋಗುವಂತಿಲ್ಲ. ಮೊದಲು ಉದ್ದದ ಜೋಡಣೆಯನ್ನು ಹುಡುಕಬೇಕು. ªÀÄ ಇದೆಯೇ? ಇದ್ದರೆ ‘ಮ’. ಇಲ್ಲದಿದ್ದರೆ ಮಾತ್ರ ªÀ ಯನ್ನು ನೋಡಿ ‘ವ’ ಎನ್ನಬೇಕು. ಈ ಸರದಿ ತಪ್ಪಿದ ಪರಿವರ್ತಕಗಳಿಂದಲೇ ‘ಮನೆ’ ಹೋಗಿ ‘ವುನೆ’ಯೂ ‘ಮತ್ತು’ ಹೋಗಿ ‘ವುತ್ತು’ವೂ ಬರುವುದು.

‘ಮ’ ಸಿಕ್ಕ ಮೇಲೆ ಇನ್ನೊಂದು Ä ಇದೆ, ಅದು ಈ ಸಲ ನಿಜವಾದ ಕೊಂಬು. ಅಲ್ಲಿಗೆ ‘ಮು’. ಮುಂದಿನ R ಎಂದರೆ ‘ಖ’. ತಲೆಕಟ್ಟಿನ ರೂಪವೇ ಬೇರೆಯಾಗಿರುವ ಖ, ಜ, ಟ, ಣ, ಬ, ಲ ಇವುಗಳಿಗೆ ನುಡಿಯಲ್ಲಿ ಪೂರ್ಣ ಅಕ್ಷರದ ಮನೆಗಳೇ ಇವೆ. å ಎಂದರೆ ಯ ಒತ್ತು. ‘ಖ್ಯ’ ಸಲೀಸಾಗಿ ಬಂತು. ಮತ್ತೆ ªÀÄ, ‘ಮ’. ಆಮೇಲಿನ A ಎಂದರೆ ಸೊನ್ನೆ. ಇಲ್ಲೂ ಒಂದು ಎಚ್ಚರ ಬೇಕು. ‘ಯ’ವನ್ನು ಬರೆಯುವುದು AiÀÄ ಎಂಬ ನಾಲ್ಕು ತುಂಡುಗಳಿಂದ, ಅದರ ಮೊದಲ ಸುಳಿಯೂ ಇದೇ A. ಹಾಗಾಗಿ A ಕಂಡ ಕೂಡಲೇ ಸೊನ್ನೆ ಎನ್ನದೆ ಮುಂದೆ i ಇದೆಯೇ ಎಂದು ಇಣುಕಿ ನೋಡಬೇಕು. ಇಲ್ಲಿ ಇಲ್ಲ, ಸೊನ್ನೆಯೇ ಸರಿ.

ಉಳಿದದ್ದು w ಮತ್ತು æ. w ಎಂದರೆ ‘ತಿ’, ಗುಡಿಸು ತಲೆಯ ಮೇಲೇ ಬರುವುದರಿಂದ ಅದು ಅಕ್ಷರದೊಳಗೇ ಸೇರಿಹೋಗಿದೆ. æ ಎಂದರೆ ರ ಒತ್ತು. ಬರೆಯುವಾಗ ‘ತಿ’ ಬರೆದು ಕೆಳಗೆ ಒತ್ತು ಕೊಡುತ್ತೇವೆ. ಉಚ್ಚರಿಸುವಾಗ ತ್, ರ್, ಕೊನೆಗೆ ಇ. ಯೂನಿಕೋಡಿಗೆ ಬೇಕಾದದ್ದು ಎರಡನೆಯ ಕ್ರಮ: ತ, ವಿರಾಮ, ರ, ಗುಡಿಸು. ಪರಿವರ್ತಕ ಇಲ್ಲಿ ಹಿಂದಕ್ಕೆ ಕೈಚಾಚಿ, ಈಗಾಗಲೇ ಬರೆದ ಗುಡಿಸನ್ನು ಎತ್ತಿ, ಒತ್ತನ್ನು ಒಳಗೆ ಸೇರಿಸಿ, ಗುಡಿಸನ್ನು ಕೊನೆಗೆ ಇಡಬೇಕು. ಹೀಗೆ ಮಾಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ‘ಮತ್ತು’ (ªÀÄvÀÄÛ) ಒಳ್ಳೆಯ ಸಾಕ್ಷಿ. ಅಲ್ಲಿ ಕೊಂಬಿನ ನಂತರ ಒತ್ತು ಇದೆ. ಅದನ್ನು ಇದ್ದ ಹಾಗೇ ಬದಲಾಯಿಸಿದರೆ ‘ಮತು್ತ’ ಎಂಬ ಮುರಿದ ರೂಪ ಬರುತ್ತದೆ. ಕೆಲವು ಕಡೆ ಒತ್ತು ಕೂರಲು ಜಾಗ ಸಿಗದೆ ಚುಕ್ಕಿಗಳ ವೃತ್ತವೊಂದು ಕಾಣುತ್ತದೆ.

ಈಗ ‘ಕನಾರ್ಟಕ’ಕ್ಕೆ ಬರಬಹುದು. ಅರ್ಕಾವೊತ್ತು ಕನ್ನಡ ಬರಹದ ವಿಶೇಷ, ಉಚ್ಚಾರದಲ್ಲಿ ಮೊದಲು ಬಂದು ಬರಹದಲ್ಲಿ ಕೊನೆಗೆ ಕೂರುತ್ತದೆ. ನುಡಿಯಲ್ಲಿ ಅದರ ಮನೆ ð.

```
PÀ  £Á  ð      l  PÀ
ಕ   ನಾ  (ರ್)   ಟ  ಕ
```

ð ಬಂದ ಜಾಗದಲ್ಲೇ ‘ರ್’ ಇಟ್ಟುಬಿಟ್ಟರೆ ಅದು ಮುಂದಿನ ‘ಟ’ಕ್ಕೆ ಅಂಟಿಕೊಳ್ಳುತ್ತದೆ. ಕ, ನಾ, ರ್ಟ, ಕ! ‘ಸರ್ಕಾರ’ವೂ ಇದೇ ದಾರಿ ಹಿಡಿದು ‘ಸಕಾರ್ರ’ ಆಗುತ್ತದೆ, ‘ವರ್ಷ’ವು ‘ವಷರ್’, ‘ಅರ್ಥ’ವು ‘ಅಥರ್’. ಸರಿಯಾದ ಪರಿವರ್ತಕ ð ಕಂಡಾಗ ಒಂದು ಪೂರ್ತಿ ಅಕ್ಷರದಷ್ಟು ಹಿಂದಕ್ಕೆ ಹೋಗುತ್ತದೆ. ಇಳಿಯನ್ನು ದಾಟಿ, ನಡುವೆ ಒತ್ತಕ್ಷರ ಇದ್ದರೆ ಅದನ್ನೂ ದಾಟಿ, ಮೂಲ ವ್ಯಂಜನದ ಹಿಂದೆ ‘ರ್’ ಇಡುತ್ತದೆ. ನಾನು ಯಾವುದೇ ಪರಿವರ್ತಕವನ್ನು ನಂಬುವ ಮೊದಲು ಅದಕ್ಕೆ ಕೊಡುವ ಮೊದಲ ಪದ PÀ£ÁðlPÀ. ಅದರಲ್ಲಿ ಎಡವಿದ್ದನ್ನು ಮುಂದೆ ಬಳಸುವುದಿಲ್ಲ.

ಇದರ ಜೊತೆಗೇ ಇನ್ನೊಂದನ್ನು ಹೇಳಬೇಕು. ಫೋನಿನಲ್ಲಿ ಅರ್ಕಾವೊತ್ತು ಹೇಗೆ ಬರಿಸುವುದೆಂದು ತಿಳಿಯದವರು ಒಂಬತ್ತರ ಅಂಕಿಯನ್ನು ಇಟ್ಟು ‘ಕನಾ೯ಟಕ’, ‘ಧಮ೯’ ಎಂದು ಬರೆಯುತ್ತಾರೆ. ಕಣ್ಣಿಗೆ ಸರಿಯಾಗಿಯೇ ಕಾಣುವುದರಿಂದ ಇದು ಹಳೆಯ ಫಾಂಟಿನ ತಪ್ಪಿಗಿಂತ ಅಪಾಯಕಾರಿ. ಯಾರೂ ತಿದ್ದುವುದಿಲ್ಲ, ಯಾವ ಹುಡುಕಾಟಕ್ಕೂ ಆ ಪದ ಸಿಗುವುದಿಲ್ಲ.

ಹಳೆಯ ಫಾಂಟಿನ ಪಠ್ಯದಲ್ಲಿ ಕೆಲವು ಕಡೆ ಯೂನಿಕೋಡಿಗಿಂತ ಹೆಚ್ಚು ಸ್ಪಷ್ಟತೆ ಇತ್ತು. ‘ರಾಜ್‌ಕುಮಾರ್’ ಎಂದು ಬರೆದವರು eï ಎಂಬ ‘ಜ್’ ರೂಪವನ್ನೇ ಬೇಕೆಂದು ಇಟ್ಟಿದ್ದರು. ಅದನ್ನು ಹಾಗೇ ಯೂನಿಕೋಡಿಗೆ ತಂದರೆ ಜ್ ಮತ್ತು ಕು ಕೂಡಿಕೊಂಡು ‘ರಾಜ್ಕುಮಾರ್’ ಆಗುತ್ತದೆ. ಎರಡರ ನಡುವೆ U+200C ಎಂಬ ಕಾಣದ ತಡೆಯೊಂದನ್ನು ಪರಿವರ್ತಕ ತಾನಾಗಿ ಸೇರಿಸಬೇಕು. ‘ರ‍್ಯಾಂಕ್’ನದು ಇದರ ತಮ್ಮನಂಥ ಸಮಸ್ಯೆ. gÁåAPï ಎಂಬುದರಲ್ಲಿ ರಾ ಮತ್ತು ಯ ಒತ್ತು ಕಣ್ಣಿಗೆ ಕಾಣುವಂತೆ ಇವೆ. ಯೂನಿಕೋಡಿಗೆ ಬಂದಾಗ ರ್ ಮತ್ತು ಯ ಸೇರಿ ಅರ್ಕಾವೊತ್ತಾಗಿ ‘ರ್ಯಾಂಕ್’ ಎಂದಾಗುತ್ತದೆ. ಇದನ್ನು ತಡೆಯಲು ರ ಮತ್ತು ವಿರಾಮದ ನಡುವೆ U+200D ಇಡಬೇಕು. ಕ್ರೀಡೆ, ಸಿನಿಮಾ, ಫಲಿತಾಂಶಗಳ ಸುದ್ದಿಯಲ್ಲಿ ಇಂಥ ಪದಗಳು ಹೆಜ್ಜೆ ಹೆಜ್ಜೆಗೂ ಸಿಗುತ್ತವೆ.

ಇನ್ನು ಇಂಗ್ಲಿಷಿನ ಪ್ರಶ್ನೆ. ಹಳೆಯ ಫೈಲುಗಳಲ್ಲಿ ಕನ್ನಡದ ನಡುವೆ ಇಂಗ್ಲಿಷ್ ಪದಗಳನ್ನು ಬೇರೆ ಫಾಂಟಿನಲ್ಲಿ ಬರೆದಿರುತ್ತಾರೆ. ಪಠ್ಯವನ್ನು ನಕಲು ಮಾಡಿ ಪರಿವರ್ತಕದ ಚೌಕದೊಳಗೆ ಅಂಟಿಸಿದ ಕ್ಷಣ ಫಾಂಟಿನ ಮಾಹಿತಿ ಹೋಗಿಬಿಡುತ್ತದೆ. ಇಂಗ್ಲಿಷಿನ C ಯಾವುದು, ‘ಅ’ ಆಗಬೇಕಾದ C ಯಾವುದು ಎಂದು ಯಂತ್ರಕ್ಕೆ ತಿಳಿಯುವುದಿಲ್ಲ. CD ಎಂಬುದು ‘ಅಆ’ ಆಗುತ್ತದೆ, KEB ಎಂಬುದು ‘ಏಇಃ’ ಆಗುತ್ತದೆ. ಅಂಕಿಗಳದೂ ಹೀಗೇ. ನುಡಿ ಫಾಂಟಿನ ಹೆಸರಿನ ಕೊನೆಯಲ್ಲಿ e ಇದ್ದರೆ ಇಂಗ್ಲಿಷ್ ಅಂಕಿ, k ಇದ್ದರೆ ಕನ್ನಡ ಅಂಕಿ. ಫೈಲಿನೊಳಗೆ ಎರಡೂ ಒಂದೇ ಸಂಖ್ಯೆಯಾದ್ದರಿಂದ ಅಂಟಿಸಿದ ಮೇಲೆ ವ್ಯತ್ಯಾಸ ಉಳಿಯುವುದಿಲ್ಲ. ಪುಟ ಎರಡು ಪುಟವಾದರೆ ಅಂಟಿಸಿ ಕೈಯಲ್ಲಿ ತಿದ್ದಬಹುದು. ಇಡೀ ಪುಸ್ತಕವಾದರೆ ವರ್ಡ್ ಫೈಲನ್ನೇ ತೆಗೆದುಕೊಂಡು, ನುಡಿ ಫಾಂಟಿನಲ್ಲಿರುವ ತುಣುಕುಗಳನ್ನು ಮಾತ್ರ ಬದಲಾಯಿಸುವ ಪರಿವರ್ತಕವನ್ನು ಬಳಸುವುದೇ ಕ್ಷೇಮ.

ಪರಿವರ್ತನೆಯಾದ ಪಠ್ಯವನ್ನು ಸಾಲುಸಾಲಾಗಿ ಓದುವ ಮೊದಲು ಕೆಲವು ಹುಡುಕಾಟ ಮಾಡಿದರೆ ತಪ್ಪಿನ ಗೂಡುಗಳೆಲ್ಲ ಸಿಗುತ್ತವೆ. À, Ä, Ã ಯಂಥ ಚಿಹ್ನೆ ಎಲ್ಲಾದರೂ ಉಳಿದಿದ್ದರೆ ಅದು ಪರಿವರ್ತಕಕ್ಕೆ ಗೊತ್ತಿಲ್ಲದ ಜೋಡಣೆ. ಪದ ‘ವು’ ಎಂದು ಶುರುವಾಗಿದ್ದರೆ ಅಲ್ಲಿ ಬಹುತೇಕ ‘ಮ’ ಇರಬೇಕಿತ್ತು. ‘ರ್’ ಎಂದು ಕೊನೆಯಾಗುವ ಪದ ಸಿಕ್ಕರೆ ಅದು ‘ಕಾರ್’, ‘ಡಾಕ್ಟರ್’ ಥರದ್ದೋ ಇಲ್ಲ ದಾರಿ ತಪ್ಪಿದ ಅರ್ಕಾವೊತ್ತೋ ನೋಡಬೇಕು. ‘ದುಃಖ’, ‘ಅಂತಃಕರಣ’ದಂಥ ಪದಗಳನ್ನು ಬಿಟ್ಟರೆ ವಿಸರ್ಗ ಕಂಡ ಕಡೆ ಇಂಗ್ಲಿಷಿನ B ಅಡಗಿರುವ ಸಂಭವ ಹೆಚ್ಚು.

ಇಷ್ಟೆಲ್ಲ ಹೇಳಿದ್ದು ಸಂಖ್ಯೆಗಳು ಹಾಗೇ ಉಳಿದ ಫೈಲಿನ ಮಾತು. ಸಂಖ್ಯೆಗಳೇ ಬದಲಾಗಿದ್ದರೆ ಕಥೆ ಬೇರೆ. ವರ್ಡ್ ತನ್ನ ಅಭ್ಯಾಸದಂತೆ ವಾಕ್ಯದ ಮೊದಲ ಅಕ್ಷರವನ್ನು ದೊಡ್ಡದು ಮಾಡಿದರೆ g ಹೋಗಿ G ಬರುತ್ತದೆ, ‘ರಾಮ’ದ ‘ರ’ ಇದ್ದ ಜಾಗದಲ್ಲಿ ‘ಉ’ ಬಂದು ಕೂರುತ್ತದೆ. ಹಳೆಯ ಫೈಲನ್ನು ತೆರೆಯುವ ಮೊದಲು ಈ ತಿದ್ದುಪಡಿ ಸೌಲಭ್ಯವನ್ನು ನಿಲ್ಲಿಸಬೇಕು, ಮೂಲದ ಒಂದು ಪ್ರತಿಯನ್ನು ಮುಟ್ಟದೆ ತೆಗೆದಿಡಬೇಕು. ಇಮೇಲಿನಲ್ಲೋ ಡೇಟಾಬೇಸಿನಲ್ಲೋ ಹಾದುಬಂದ ಪಠ್ಯದ ಗತಿ ಮೂರು ಬಗೆ. ‘ಕನ್ನಡ’ ಎಂಬುದು ಹೀಗೆಲ್ಲ ಬರಬಹುದು:

```
PÃ€Â£Ã€ÃŸqÃ€
P????q?
PA£AßqA
```

ಮೊದಲನೆಯದು ನೋಡಲು ಭಯಂಕರವಾದರೂ ಏನೂ ನಷ್ಟವಾಗಿಲ್ಲ. ಒಂದೊಂದು ಚಿಹ್ನೆ ಎರಡೆರಡಾಗಿ ಒಡೆದಿದೆ, ಸರಿಯಾದ ಎನ್‌ಕೋಡಿಂಗ್ ಆರಿಸಿ ಮತ್ತೆ ತೆರೆದರೆ PÀ£ÀßqÀ ಮರಳಿ ಬರುತ್ತದೆ. ಎರಡನೆಯದರಲ್ಲಿ 128ರಿಂದ ಮೇಲಿನ ಮನೆಗಳೆಲ್ಲ ಪ್ರಶ್ನಾರ್ಥಕಗಳಾಗಿವೆ, ಅವುಗಳ ಹಿಂದೆ ಏನಿತ್ತೆಂದು ತಿಳಿಯುವ ದಾರಿಯಿಲ್ಲ. ಮೂರನೆಯದು ಇನ್ನೂ ಮೋಸದ್ದು. À, Á, Ä ಮೂರೂ ತಲೆಯ ಗುರುತು ಕಳೆದುಕೊಂಡು A ಆಗಿವೆ. PA ಎಂಬುದು ‘ಕ’ವೋ ‘ಕಾ’ವೋ ಎಂದು ಯಾವ ಪರಿವರ್ತಕವೂ ಹೇಳಲಾರದು. A ಎಂದರೆ ಸೊನ್ನೆಯೂ ಆದ್ದರಿಂದ ಅದನ್ನು ‘ಕಂ’ ಎಂದು ಓದಿದರೂ ಓದಬಹುದು.

ಮುದ್ರಣದ ಲೋಕದಲ್ಲಿ ಹಳೆಯ ಫಾಂಟುಗಳು ಇಷ್ಟು ಕಾಲ ಉಳಿದದ್ದಕ್ಕೆ ದೊಡ್ಡ ಕಾರಣ ಪೇಜ್‌ಮೇಕರ್. 2001ರಲ್ಲಿ ಅದರ ಕೊನೆಯ ಆವೃತ್ತಿ ಬಂತು, ಅದಕ್ಕೂ ಯೂನಿಕೋಡ್ ಕನ್ನಡ ಗೊತ್ತಿರಲಿಲ್ಲ. ಅದೇ ವರ್ಷ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡ ಮೂಡಿದರೂ ಪುಟ ಕಟ್ಟುವ ಮೇಜಿನ ಮೇಲೆ ನುಡಿ, ಶ್ರೀಲಿಪಿಗಳೇ ಇದ್ದವು. ಇದರ ಪರಿಣಾಮವನ್ನು ಲೇಖಕರು ಗಮನಿಸಬೇಕು. ನೀವು ಯೂನಿಕೋಡಿನಲ್ಲಿ ಬರೆದು ಕೊಡುತ್ತೀರಿ, ಅಚ್ಚಿನವರು ಅದನ್ನು ನುಡಿಗೆ ತಿರುಗಿಸಿ ಪುಟ ಕಟ್ಟುತ್ತಾರೆ, ಕರಡು ತಿದ್ದುವುದು ಆ ಪುಟಗಳ ಮೇಲೆ. ಹೀಗಾಗಿ ನಿಮ್ಮ ಹತ್ತಿರ ಇರುವ ಯೂನಿಕೋಡ್ ಪ್ರತಿ ತಿದ್ದುಪಡಿಗೆ ಮುಂಚಿನದು, ಅಂತಿಮ ಪಠ್ಯ ಇರುವುದು ಪೇಜ್‌ಮೇಕರ್ ಫೈಲಿನಲ್ಲಿ. ಪುಸ್ತಕ ಬಂದ ಮೇಲೆ ಆ ಫೈಲನ್ನೂ ಬಳಸಿದ ಫಾಂಟನ್ನೂ ಕೇಳಿ ಪಡೆಯಬೇಕು. ಪಿಡಿಎಫ್ ಮಾತ್ರ ಸಿಕ್ಕರೆ ಪ್ರತಿ ಸಾಲಿನ ಕೊನೆಯಲ್ಲಿ ತುಂಡಾದ ಪದಗಳನ್ನು ಅಡ್ಡಗೆರೆ ತೆಗೆದು ಕೂಡಿಸಿದ ಮೇಲೇ ಪರಿವರ್ತನೆ ಮಾಡಬೇಕು. ಇಲ್ಲದಿದ್ದರೆ ಸಾಲಿನಿಂದ ಸಾಲಿಗೆ ಒಡೆದ ಪದಗಳು ಒಡೆದೇ ಉಳಿಯುತ್ತವೆ.

ಸಂಖ್ಯೆಗಳು ನಷ್ಟವಾಗಿ, ಮುದ್ರಿತ ಪ್ರತಿ ಮಾತ್ರ ಉಳಿದಿದ್ದರೆ ಪುಟಗಳನ್ನು ಸ್ಕ್ಯಾನ್ ಮಾಡಿ ಓಸಿಆರ್‌ಗೆ ಕೊಡುವುದೊಂದೇ ದಾರಿ. ಟೆಸರಾಕ್ಟ್ ಎಂಬ ಉಚಿತ ತಂತ್ರಾಂಶಕ್ಕೆ ಕನ್ನಡ ಓದಲು ಬರುತ್ತದೆ. ಆದರೆ ಅದು ಚಿತ್ರ ನೋಡಿ ಊಹಿಸುವುದು. ಒಂದೇ ರೀತಿ ಕಾಣುವ ಪ ಮತ್ತು ವ, ಅರ್ಕಾವೊತ್ತು ಮತ್ತು ಒಂಬತ್ತರ ಅಂಕಿ, ಸೊನ್ನೆ ಮತ್ತು ಅನುಸ್ವಾರ ಇಲ್ಲೆಲ್ಲ ಮತ್ತೆ ಕಣ್ಣಿಟ್ಟು ಓದಬೇಕು. ಪರಿವರ್ತಕದ ತಪ್ಪಿಗೆ ಒಂದು ನಿಯಮ ಇರುತ್ತದೆ, ಒಮ್ಮೆ ಕಂಡರೆ ಇಡೀ ಪುಸ್ತಕದಲ್ಲಿ ಒಟ್ಟಿಗೇ ತಿದ್ದಬಹುದು. ಓಸಿಆರ್ ತಪ್ಪಿಗೆ ಆ ಅನುಕೂಲ ಇಲ್ಲ. ಆದ್ದರಿಂದ ಹಳೆಯ ಫೈಲ್ ಎಲ್ಲಾದರೂ ಸಿಗುವ ಸಾಧ್ಯತೆ ಇದ್ದರೆ, ಡಿಟಿಪಿ ಅಂಗಡಿಯ ಸಿಡಿಗಳನ್ನು ಹುಡುಕಿಸಿ ನೋಡಿದ ಮೇಲೇ ಸ್ಕ್ಯಾನರಿನ ಹತ್ತಿರ ಹೋಗುವುದು ಒಳ್ಳೆಯದು.